ವಾಪಸ್ ನಿಯಮ: ತಪ್ಪು ಯಾರದು ಎಂಬಲ್ಲಿಂದ ಬರೆಯಲು ಶುರುಮಾಡಿ

ಆನ್‌ಲೈನ್‌ನಲ್ಲಿ ಸೀರೆ, ಕುರ್ತಾ, ರೆಡಿಮೇಡ್ ಬ್ಲೌಸ್ ಮಾರುವ ಚಿಕ್ಕ ಅಂಗಡಿಗಳ ವೆಬ್‌ಸೈಟ್ ತೆರೆದರೆ ಕೆಳಗಡೆ ಮೂರು ಪುಟಗಳು ಇದ್ದೇ ಇರುತ್ತವೆ: ವಾಪಸಾತಿ, ಹಣ ಮರಳಿಕೆ, ಡೆಲಿವರಿ. ಪೇಮೆಂಟ್ ಗೇಟ್‌ವೇ ಕಂಪನಿಗಳು ಖಾತೆ ಚಾಲೂ ಮಾಡುವ ಮುನ್ನ ಈ ಪುಟಗಳನ್ನು ಕೇಳುತ್ತವೆ. ಹಾಗಾಗಿ ಬಹಳಷ್ಟು ಮಂದಿ ಬೇರೆ ಯಾವುದೋ ಅಂಗಡಿಯ ಪುಟವನ್ನು ನಕಲು ಮಾಡಿ, ಹೆಸರು ಬದಲಿಸಿ ಅಂಟಿಸಿಬಿಡುತ್ತಾರೆ. ಗೇಟ್‌ವೇಗೆ ಅಷ್ಟು ಸಾಕು. ಆದರೆ ಮೈಸೂರಿನ ಗಿರಾಕಿಯೊಬ್ಬರು ‘ಬ್ಲೌಸ್ ಬಿಗಿಯಾಗಿದೆ, ದುಡ್ಡು ವಾಪಸ್ ಕೊಡಿ’ ಎಂದು ಬರೆದ ದಿನ ಆ ನಕಲು ಪುಟದಲ್ಲಿ ಉತ್ತರ ಸಿಗುವುದಿಲ್ಲ. ಅಂಗಡಿಯವರು ಆ ಕ್ಷಣಕ್ಕೆ ತೋಚಿದ್ದನ್ನು ಹೇಳುತ್ತಾರೆ, ಗಿರಾಕಿಗೆ ಮೋಸ ಹೋದಂತೆ ಅನಿಸುತ್ತದೆ.

ಈ ಪುಟಗಳನ್ನು ಹೊಸದಾಗಿ ಬರೆಯಲು ಕೂರುವವರು ಮೊದಲು ಮಾಡಬೇಕಾದ ಕೆಲಸ ಒಂದೇ. ಗಿರಾಕಿ ಬಟ್ಟೆ ವಾಪಸ್ ಕಳಿಸುವ ಕಾರಣಗಳನ್ನೆಲ್ಲ ಎರಡು ಪಾಲು ಮಾಡಿಕೊಳ್ಳಬೇಕು. ಹರಿದ ಬಟ್ಟೆ, ತಪ್ಪು ಬಣ್ಣ, ಹೇಳಿದ್ದೇ ಒಂದು ಕಳಿಸಿದ್ದೇ ಒಂದು, ಹೇಳಿದ ದಿನಕ್ಕೆ ಬರಲಿಲ್ಲ – ಇವೆಲ್ಲ ಅಂಗಡಿಯ ತಪ್ಪು. ನೋಡಿದ ಮೇಲೆ ಇಷ್ಟವಾಗಲಿಲ್ಲ, ಮನೆಯವರು ಬೇಡವೆಂದರು, ಇನ್ನೊಂದು ಸೀರೆ ಸಿಕ್ಕಿತು – ಇವು ಗಿರಾಕಿಯ ಮನಸ್ಸು ಬದಲಾದ ಕಾರಣಗಳು. ಕೊರಿಯರ್ ಖರ್ಚು ಯಾರದು, ಎಷ್ಟು ದಿನದ ಅವಕಾಶ, ನಗದೋ ಕೂಪನ್ನೋ ಎಂಬ ಪ್ರಶ್ನೆಗಳ ಉತ್ತರಗಳೆಲ್ಲ ಈ ವಿಂಗಡಣೆಯಿಂದಲೇ ಹುಟ್ಟುತ್ತವೆ. ಎರಡನ್ನೂ ಒಂದೇ ಸಾಲಿನಲ್ಲಿ ಬೆರೆಸಿದ ಪುಟ ಎಷ್ಟು ಉದ್ದವಿದ್ದರೂ ಗೊಂದಲ ಬಿಡುವುದಿಲ್ಲ.

ಕಾನೂನು ಎಲ್ಲಿ ಗೆರೆ ಎಳೆದಿದೆ

ಹೀಗೆ ಪಾಲು ಮಾಡುವುದು ಅನುಕೂಲಕ್ಕಾಗಿ ಮಾತ್ರವಲ್ಲ, ನಮ್ಮ ಕಾನೂನೂ ಹೀಗೆಯೇ ನೋಡುತ್ತದೆ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ಸರಕು ದೋಷಪೂರಿತವಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಇಲ್ಲದಿದ್ದರೆ ಅಥವಾ ತಿಳಿಸಿದ ವೇಳಾಪಟ್ಟಿ ಮೀರಿ ತಡವಾಗಿ ತಲುಪಿದರೆ, ವಾಪಸ್ ಪಡೆಯಲು ಅಥವಾ ಹಣ ಮರಳಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಪ್ರವಾಹದಂಥ ಕೈಮೀರಿದ ಕಾರಣದಿಂದ ತಡವಾದರೆ ಮಾತ್ರ ವಿನಾಯಿತಿ. ಸ್ವಂತ ವೆಬ್‌ಸೈಟ್ ಇಟ್ಟುಕೊಂಡು ವ್ಯಾಪಾರವಾಗಿಯೇ ಮಾರುವ ಚಿಕ್ಕ ಅಂಗಡಿಗೂ ಇದು ಅನ್ವಯಿಸುತ್ತದೆ. ಆದ್ದರಿಂದ ‘ಒಮ್ಮೆ ಮಾರಿದ ಸರಕನ್ನು ಯಾವುದೇ ಕಾರಣಕ್ಕೂ ವಾಪಸ್ ಪಡೆಯುವುದಿಲ್ಲ’ ಎಂದು ಬರೆದುಕೊಂಡರೆ ಆ ಸಾಲು ಅಂಗಡಿಯನ್ನು ಕಾಯುವುದಿಲ್ಲ, ದೂರು ಕೊಡುವವರ ಕೈಗೆ ಸಾಕ್ಷಿಯಾಗಿ ಸಿಗುತ್ತದೆ.

ಏನೂ ಬರೆಯದೆ ಸುಮ್ಮನಿದ್ದರೂ ಬಚಾವಾಗುವುದಿಲ್ಲ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನೇ ಹೇಳಿಲ್ಲದಿದ್ದರೆ 30 ದಿನದೊಳಗೆ ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿದೆ.

ಎರಡನೇ ಪಾಲಿನ ಮಾತೇ ಬೇರೆ. ಐರೋಪ್ಯ ಒಕ್ಕೂಟದ ದೇಶಗಳಲ್ಲಿ ಆನ್‌ಲೈನ್‌ನಲ್ಲಿ ಕೊಂಡ ಬಟ್ಟೆಯನ್ನು ಕೈಗೆ ಬಂದ 14 ದಿನದೊಳಗೆ ಯಾವ ಕಾರಣವನ್ನೂ ಕೊಡದೆ ಬೇಡವೆನ್ನಬಹುದು. ಭಾರತದಲ್ಲಿ ಅಂಥ ಸಾಮಾನ್ಯ ಹಕ್ಕಿಲ್ಲ. ಇಷ್ಟವಾಗದ ಸೀರೆಯನ್ನು ವಾಪಸ್ ಪಡೆಯಬೇಕೋ ಬೇಡವೋ, ಎಷ್ಟು ದಿನದೊಳಗೆ, ಹಣ ಕೊಡುವುದೋ ಬದಲಿ ಕೊಡುವುದೋ ಎಂಬುದನ್ನು ಅಂಗಡಿಯೇ ತೀರ್ಮಾನಿಸಬಹುದು. ಆದರೆ ಆ ತೀರ್ಮಾನ, ವಾಪಸ್ ಕಳಿಸುವ ಖರ್ಚಿನ ಸಮೇತ, ಗಿರಾಕಿ ದುಡ್ಡು ಕೊಡುವ ಮುಂಚೆಯೇ ಅವರ ಕಣ್ಣಿಗೆ ಬೀಳಬೇಕು.

ಹಾಗಾಗಿ ವಾಪಸಾತಿ ಪುಟದ ಮೊದಲ ಎರಡು ಪ್ಯಾರಾ ಹೀಗಿದ್ದರೆ ಸಾಕು:

‘ನಮ್ಮಿಂದ ತಪ್ಪಾಗಿದ್ದರೆ: ಬಟ್ಟೆಯಲ್ಲಿ ದೋಷವಿದ್ದರೆ, ನೀವು ಆರ್ಡರ್ ಮಾಡಿದ್ದು ಬಿಟ್ಟು ಬೇರೆ ಬಂದಿದ್ದರೆ, ಅಥವಾ ನಾವು ಹೇಳಿದ ದಿನಕ್ಕೆ ತಲುಪದಿದ್ದರೆ ನಮಗೆ ತಿಳಿಸಿ. ವಾಪಸ್ ಒಯ್ಯುವ ಖರ್ಚು ನಮ್ಮದು. ಪೂರ್ತಿ ಹಣ, ನೀವು ಕೊಟ್ಟ ಡೆಲಿವರಿ ಶುಲ್ಕ ಸೇರಿ, ಮರಳಿಸುತ್ತೇವೆ. ಬೇಕಿದ್ದರೆ ಬದಲಿ ಕಳಿಸುತ್ತೇವೆ.

ನಿಮಗೆ ಬೇಡವೆನಿಸಿದರೆ: ಕೈಗೆ ಬಂದ ದಿನ ಬಿಟ್ಟು ಮುಂದಿನ 7 ದಿನದೊಳಗೆ ತಿಳಿಸಿ. ಸೀರೆಗೆ ಫಾಲ್ ಹಾಕಿಸಿರಬಾರದು, ಕುಚ್ಚು ಕಟ್ಟಿಸಿರಬಾರದು, ಬ್ಲೌಸ್ ಪೀಸ್ ಕತ್ತರಿಸಿರಬಾರದು, ಚೀಟಿ ಹಾಗೇ ಇರಬೇಕು. ವಾಪಸ್ ಕೊರಿಯರ್ ಖರ್ಚು 100 ರೂಪಾಯಿ ನಿಮ್ಮದು. ಅದನ್ನು ಕಳೆದು ಉಳಿದ ಹಣ ಕೊಡುತ್ತೇವೆ.’

ಇಲ್ಲಿ ‘ಬಳಸಿರಬಾರದು’ ಎಂಬ ಪದ ಬೇಕೆಂದೇ ಬಂದಿಲ್ಲ. ಸೀರೆಯನ್ನು ಬಿಚ್ಚಿ ಭುಜದ ಮೇಲೆ ಹಾಕಿ ನೋಡುವುದು ಬಳಸಿದಂತೆಯೇ? ಅದನ್ನು ಒಬ್ಬೊಬ್ಬರು ಒಂದೊಂದು ಥರ ಅರ್ಥ ಮಾಡಿಕೊಳ್ಳುತ್ತಾರೆ. ಫಾಲ್ ಹಾಕಿಸಿದ್ದು, ಕುಚ್ಚು ಕಟ್ಟಿಸಿದ್ದು ಕಣ್ಣಿಗೆ ಕಾಣುತ್ತದೆ. ಅದರ ಬಗ್ಗೆ ವಾದ ಹುಟ್ಟುವುದಿಲ್ಲ. ಷರತ್ತು ಹಾಕುವುದಾದರೆ ಪಾರ್ಸೆಲ್ ಬಿಚ್ಚಿದಾಗ ನೋಡಿಯೇ ಹೇಳಬಹುದಾದ ಷರತ್ತನ್ನು ಹಾಕಬೇಕು.

ದೋಷ ತಿಳಿಸುವವರಿಗೆ ಈಚೆಗೆ ಬಹಳ ಅಂಗಡಿಗಳು ಇನ್ನೊಂದು ಷರತ್ತು ಒಡ್ಡುತ್ತಿವೆ: ಪಾರ್ಸೆಲ್ ಬಿಚ್ಚುವಾಗ ಮೊದಲಿಂದ ಕೊನೆಯವರೆಗೆ ವಿಡಿಯೊ ಮಾಡಿರಬೇಕು, ಇಲ್ಲದಿದ್ದರೆ ಯಾವ ದೂರೂ ಸ್ವೀಕರಿಸುವುದಿಲ್ಲ. ಹಳೆಯ ಬಟ್ಟೆ ಬದಲಿಸಿ ಕಳಿಸುವವರ ಕಾಟ ಅಂಗಡಿಯವರಿಗೆ ಇರುವುದು ನಿಜ. ಆದರೆ ದೋಷವಿರುವ ಸರಕಿನ ಬಗೆಗಿನ ನಿಯಮದಲ್ಲಿ ವಿಡಿಯೊ ಇಲ್ಲದವರನ್ನು ಹೊರಗಿಡುವ ಮಾತೇ ಇಲ್ಲ. ‘ವಿಡಿಯೊ ಇದ್ದರೆ ಬೇಗ ಬಗೆಹರಿಯುತ್ತದೆ; ಇಲ್ಲದಿದ್ದರೆ ದೋಷದ ಎರಡು ಫೋಟೊ ಮತ್ತು ಪ್ಯಾಕೆಟ್ ಮೇಲಿನ ಚೀಟಿಯ ಒಂದು ಫೋಟೊ ಕಳಿಸಿ’ ಎಂದು ಬರೆಯುವುದು ನ್ಯಾಯವೂ ಹೌದು, ಕೆಲಸಕ್ಕೂ ಆಗುತ್ತದೆ. ಕಳಿಸುವ ಮುನ್ನ ಅಂಗಡಿಯವರೇ ಸೀರೆಯ ಎರಡೂ ಅಂಚು ಮತ್ತು ಸೆರಗಿನ ಫೋಟೊ ತೆಗೆದಿಟ್ಟುಕೊಂಡರೆ ಹೋಲಿಸಿ ನೋಡಲು ಆಧಾರವೂ ಸಿಗುತ್ತದೆ.

ಗೆರೆ ಮಸುಕಾಗುವ ಕಡೆ

ಯಾವ ಕಾರಣ ಯಾವ ಪಾಲಿಗೆ ಸೇರುತ್ತದೆ ಎಂದು ತಕ್ಷಣ ಹೇಳಲು ಬಾರದ ಸಂದರ್ಭಗಳು ಬಟ್ಟೆ ವ್ಯಾಪಾರದಲ್ಲಿ ಉಳಿದೆಲ್ಲ ವ್ಯಾಪಾರಕ್ಕಿಂತ ಹೆಚ್ಚು. ಪುಟ ಬರೆಯುವವರ ನಿಜವಾದ ಕೆಲಸ ಇರುವುದು ಇಲ್ಲಿ.

ಇಳಕಲ್ ಸೀರೆಯನ್ನೇ ನೋಡೋಣ. ಇದರ ಒಡಲಿನ ಹಾಸು ನೂಲು ಬೇರೆ, ಸೆರಗಿನ ಹಾಸು ನೂಲು ಬೇರೆ. ಎರಡನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಒಡಲು ಮುಗಿದು ಸೆರಗು ಶುರುವಾಗುವ ಜಾಗದಲ್ಲಿ ಆ ಜೋಡಣೆ ಕೈಗೆ ಸಿಗುತ್ತದೆ. ಗೊತ್ತಿರುವವರಿಗೆ ಅದು ಅಸಲಿ ಸೀರೆಯ ಗುರುತು. ಮೊದಲ ಸಲ ಕೊಂಡವರಿಗೆ ‘ಸೀರೆ ತುಂಡಾಗಿ ಜೋಡಿಸಿದ್ದಾರೆ’ ಎನಿಸಿ ದೋಷವೆಂದು ದೂರು ಬರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ, ಅಂಗಡಿಯೂ ತಪ್ಪು ಸರಕು ಕೊಟ್ಟಿಲ್ಲ. ಸೀರೆಯ ಪುಟದಲ್ಲಿ ಆ ಜಾಗದ ಹತ್ತಿರದ ಫೋಟೊ ಹಾಕಿ, ಇದು ಕೊಂಡಿ, ಕೈಮಗ್ಗದಲ್ಲಿ ಹೀಗೇ ಇರುತ್ತದೆ ಎಂದು ಒಂದು ಸಾಲು ಬರೆದಿದ್ದರೆ ಆ ದೂರು ಬರುವುದಿಲ್ಲ.

ಆದರೆ ಇದೇ ನೆಪದಲ್ಲಿ ಎಲ್ಲವನ್ನೂ ಕೈಮಗ್ಗದ ಲೆಕ್ಕಕ್ಕೆ ಹಾಕುವ ಚಾಳಿ ಒಳ್ಳೆಯದಲ್ಲ. ‘ಕೈಮಗ್ಗದ ಸಣ್ಣಪುಟ್ಟ ವ್ಯತ್ಯಾಸಗಳು ದೋಷವಲ್ಲ’ ಎಂಬ ಸಾಲು ಎಲ್ಲೆಡೆ ಕಾಣುತ್ತದೆ. ಸಣ್ಣಪುಟ್ಟ ಎಂದರೆ ಎಷ್ಟು? ಅದನ್ನು ಹೇಳಬೇಕು: ಅಲ್ಲಲ್ಲಿ ದಪ್ಪ ಎಳೆ, ಸಣ್ಣ ಗಂಟು, ಅಂಚಿನಲ್ಲಿ ಸ್ವಲ್ಪ ಏರಿಳಿತ ದೋಷವಲ್ಲ, ತೂತು, ಕಡಿದ ಎಳೆ, ಕಲೆ, ಹೇಳಿದ್ದಕ್ಕಿಂತ ಕಡಿಮೆ ಉದ್ದ ದೋಷ. ಎರಡೂ ಪಟ್ಟಿ ಅಕ್ಕಪಕ್ಕ ಇದ್ದಾಗ ಗಿರಾಕಿ ತಮ್ಮ ಸೀರೆ ಯಾವ ಕಡೆಗೆ ಸೇರುತ್ತದೆ ಎಂದು ತಾವೇ ನೋಡಿಕೊಳ್ಳುತ್ತಾರೆ.

ಅಳತೆಯದು ಇದಕ್ಕಿಂತ ದೊಡ್ಡ ತಲೆನೋವು. ಬ್ಲೌಸ್ ಬಿಗಿಯಾಯಿತು ಎಂಬ ದೂರು ಯಾರ ಪಾಲಿನದು? ಅಳತೆ ಪಟ್ಟಿಯಲ್ಲಿ ಎದೆಸುತ್ತು 36 ಇಂಚು ಎಂದಿದೆ ಎನ್ನೋಣ. ಅದು ಹಾಕಿಕೊಳ್ಳುವವರ ಮೈ ಅಳತೆಯೋ, ಹೊಲಿದ ಬ್ಲೌಸಿನ ಅಳತೆಯೋ? ಬಹಳ ಪಟ್ಟಿಗಳಲ್ಲಿ ಇದನ್ನು ಹೇಳಿರುವುದೇ ಇಲ್ಲ. ಹೊಲಿದ ಬ್ಲೌಸ್ 36 ಇದ್ದರೆ 36 ಇಂಚಿನ ಮೈಯವರಿಗೆ ಉಸಿರಾಡಲು ಜಾಗವಿರುವುದಿಲ್ಲ. ಪಟ್ಟಿಯ ತಲೆಯ ಮೇಲೆ ‘ಇವು ಹೊಲಿದ ಬ್ಲೌಸಿನ ಅಳತೆಗಳು; ನಿಮಗೆ ಸರಿಯಾಗಿ ಕೂರುವ ಹಳೆಯ ಬ್ಲೌಸನ್ನು ನೆಲದ ಮೇಲೆ ಹರಡಿ ಅಳೆದು ಹೋಲಿಸಿ. ಅರ್ಧ ಇಂಚಿನ ವ್ಯತ್ಯಾಸ ಇರಬಹುದು’ ಎಂದು ಬರೆದರೆ ಗೆರೆ ತಾನಾಗಿಯೇ ಸ್ಪಷ್ಟವಾಗುತ್ತದೆ. ವಾಪಸ್ ಬಂದ ಬ್ಲೌಸನ್ನು ಟೇಪು ಹಿಡಿದು ಅಳೆದಾಗ 36ರ ಬದಲು 34 ಇದ್ದರೆ ಅಂಗಡಿಯ ತಪ್ಪು, ಖರ್ಚೆಲ್ಲ ಅಂಗಡಿಯದು. 36 ಇದ್ದರೆ ಗಿರಾಕಿಯ ಆಯ್ಕೆ, ಎರಡನೇ ಪ್ಯಾರಾ ಅನ್ವಯ. ಅಳತೆ ಪಟ್ಟಿಯೂ ವಾಪಸಾತಿ ನಿಯಮದ ಒಂದು ಭಾಗವೇ ಎಂದು ತಿಳಿದು ಬರೆಯಬೇಕು.

ಡೆಲಿವರಿ ದಿನಗಳ ಲೆಕ್ಕ

ತಡವಾಗಿ ತಲುಪಿದ ಸರಕನ್ನೂ ವಾಪಸ್ ಪಡೆಯಲೇಬೇಕು ಎಂದ ಮೇಲೆ, ಡೆಲಿವರಿ ಪುಟದಲ್ಲಿ ಬರೆದ ದಿನಗಳೂ ವಾಪಸಾತಿ ನಿಯಮವೇ ಆದವು. ಗಿರಾಕಿಯನ್ನು ಸೆಳೆಯಲು ಎರಡು ದಿನ ಕಡಿಮೆ ಬರೆದರೆ ಆ ಎರಡು ದಿನದ ಹೊಣೆ ಅಂಗಡಿಯ ತಲೆ ಮೇಲೆ ಬರುತ್ತದೆ.

‘3ರಿಂದ 5 ದಿನದಲ್ಲಿ ಡೆಲಿವರಿ’ ಎಂಬ ಸಾಲನ್ನು ಕ್ಯಾಲೆಂಡರ್ ಮುಂದಿಟ್ಟು ಓದೋಣ. ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಶುಕ್ರವಾರ ಸಂಜೆ 7 ಗಂಟೆಗೆ ಆರ್ಡರ್ ಬಂತು ಎಂದುಕೊಳ್ಳಿ. ಗಿರಾಕಿ ಶನಿವಾರದಿಂದ ಎಣಿಸುತ್ತಾರೆ: ಸೋಮವಾರಕ್ಕೆ ಮೂರು, ಬುಧವಾರಕ್ಕೆ ಐದು. ಗುರುವಾರ ಮದುವೆ ಇದೆ, ಸಾಕು ಎಂದು ದುಡ್ಡು ಕಟ್ಟಿದ್ದಾರೆ. ಅಂಗಡಿಯವರ ಎಣಿಕೆ ಬೇರೆ. ಮಧ್ಯಾಹ್ನ 2ರ ನಂತರ ಬಂದದ್ದು ಶನಿವಾರದ ಆರ್ಡರ್. ಭಾನುವಾರ ರಜೆ. ಪ್ಯಾಕ್ ಮಾಡಲು ಎರಡು ಕೆಲಸದ ದಿನ, ಅಂದರೆ ಮಂಗಳವಾರ ಕೊರಿಯರ್‌ಗೆ. ಅಲ್ಲಿಂದ 3ರಿಂದ 5 ಕೆಲಸದ ದಿನ ಎಂದರೆ ಶುಕ್ರವಾರದಿಂದ ಮುಂದಿನ ಸೋಮವಾರದೊಳಗೆ. ಇಬ್ಬರೂ ಅದೇ ಸಾಲನ್ನು ಓದಿದ್ದಾರೆ, ಇಬ್ಬರ ಲೆಕ್ಕವೂ ಸರಿಯಿದೆ, ಸೀರೆ ಮಾತ್ರ ಮದುವೆ ಮುಗಿದ ಮೇಲೆ ಬರುತ್ತದೆ.

ತಪ್ಪಿಸುವ ದಾರಿ ಸರಳ. ಅಂಗಡಿಯಲ್ಲಿ ಹಿಡಿಯುವ ಸಮಯ ಮತ್ತು ದಾರಿಯಲ್ಲಿ ಹಿಡಿಯುವ ಸಮಯವನ್ನು ಬೇರೆ ಬೇರೆ ಬರೆದು, ಕೊನೆಗೆ ಒಂದು ಉದಾಹರಣೆ ಕೊಡಬೇಕು:

‘ಮಧ್ಯಾಹ್ನ 2ರೊಳಗೆ ಬಂದ ಆರ್ಡರ್ ಅಂದಿನದು, ಆಮೇಲೆ ಬಂದದ್ದು ಮರುದಿನದ್ದು. ಮುಂದಿನ 2 ಕೆಲಸದ ದಿನದೊಳಗೆ ಕೊರಿಯರ್‌ಗೆ ಕೊಡುತ್ತೇವೆ. ಅಲ್ಲಿಂದ ಕರ್ನಾಟಕದೊಳಗೆ 3ರಿಂದ 5 ಕೆಲಸದ ದಿನ, ಹೊರ ರಾಜ್ಯಗಳಿಗೆ 5ರಿಂದ 8. ಭಾನುವಾರ ಮತ್ತು ಸರ್ಕಾರಿ ರಜೆ ಲೆಕ್ಕಕ್ಕಿಲ್ಲ. ಫಾಲ್, ಕುಚ್ಚು ಹಾಕಿಸಿಕೊಡಬೇಕೆಂದರೆ ಇನ್ನೂ 4 ದಿನ ಸೇರಿಸಿಕೊಳ್ಳಿ. ಉದಾಹರಣೆಗೆ: ಶುಕ್ರವಾರ ಸಂಜೆಯ ಆರ್ಡರ್ ಮೈಸೂರಿಗೆ ಬರುವ ವಾರದ ಶುಕ್ರವಾರದಿಂದ ಅದರ ಮುಂದಿನ ಸೋಮವಾರದೊಳಗೆ ತಲುಪುತ್ತದೆ.’

ಈ ಸಂಖ್ಯೆಗಳು ಒಂದೊಂದು ಅಂಗಡಿಗೆ ಒಂದೊಂದು ಇರುತ್ತವೆ. ಕೊರಿಯರ್ ಕಂಪನಿಯ ಜಾಹೀರಾತಿನಿಂದ ಎತ್ತಿ ಬರೆಯಬಾರದು. ತಮ್ಮದೇ ಹಿಂದಿನ ಎರಡು ಮೂರು ತಿಂಗಳ ಪಾರ್ಸೆಲ್‌ಗಳು ಯಾವ ದಿನ ಹೊರಟು ಯಾವ ದಿನ ಮುಟ್ಟಿದವು ಎಂಬ ಟ್ರ್ಯಾಕಿಂಗ್ ದಾಖಲೆ ತೆಗೆದು, ಹೆಚ್ಚುಕಡಿಮೆ ಎಲ್ಲವೂ ತಲುಪಿದ ದಿನವನ್ನು ಮೇಲಿನ ಮಿತಿಯಾಗಿ ಇಡಬೇಕು. ಬೇಗ ತಲುಪಿದವುಗಳ ದಿನ ನೋಡಿ ಬರೆದರೆ ಉಳಿದವರಿಗೆಲ್ಲ ಮಾತು ತಪ್ಪಿದಂತಾಗುತ್ತದೆ.

ವಿಳಾಸದಲ್ಲಿ ಯಾರೂ ಸಿಗದೆ ಪಾರ್ಸೆಲ್ ಅಂಗಡಿಗೇ ಹಿಂತಿರುಗಿದರೆ ಏನು ಎಂಬುದೂ ಇದೇ ಪುಟದಲ್ಲಿ ಬರಬೇಕು. ಕೊರಿಯರ್‌ನವರು ಎಷ್ಟು ಸಲ ಪ್ರಯತ್ನಿಸುತ್ತಾರೆ, ಎರಡನೇ ಸಲ ಕಳಿಸಲು ಎಷ್ಟು ಕೊಡಬೇಕು, ಬೇಡವೆಂದರೆ ಎಷ್ಟು ಕಳೆದು ಹಣ ಮರಳುತ್ತದೆ ಎಂಬ ಮೂರು ವಾಕ್ಯ ಸಾಕು. ವಿದೇಶದ ಕನ್ನಡಿಗರಿಗೆ ಸೀರೆ ಕಳಿಸುವವರು ಇನ್ನೊಂದು ಸಾಲು ಸೇರಿಸಲೇಬೇಕು: ಆ ದೇಶದ ಕಸ್ಟಮ್ಸ್ ಸುಂಕವನ್ನು ಯಾರು ಕಟ್ಟುತ್ತಾರೆ ಎಂಬುದು. ಅದು ಬಾಗಿಲಿಗೆ ಬಂದಾಗಲೇ ಗೊತ್ತಾದರೆ ಪಾರ್ಸೆಲ್ ಬೇಡವೆನ್ನುತ್ತಾರೆ, ಹೋದ ದಾರಿಯ ಖರ್ಚು ಅಂಗಡಿಗೆ ಪೂರ್ತಿ ನಷ್ಟ.

ಎಷ್ಟು ರೂಪಾಯಿ ಮರಳುತ್ತದೆ

ಹಣದ ಪುಟದಲ್ಲಿ ಗಿರಾಕಿ ಹುಡುಕುವುದು ಎರಡೇ ಸಂಗತಿ: ಎಷ್ಟು, ಯಾವಾಗ.

‘ಎಷ್ಟು’ ಎಂಬುದು ಆಫರ್ ಇದ್ದಾಗ ತೊಡಕಾಗುತ್ತದೆ. ಮೈಸೂರಿನ ಗಿರಾಕಿ 3,200 ರೂಪಾಯಿಯ ಸೀರೆ, 900 ರೂಪಾಯಿಯ ಬ್ಲೌಸ್ ಕೊಂಡಿದ್ದಾರೆ. ಒಟ್ಟು 4,100. ‘4,000 ರೂಪಾಯಿ ಮೇಲಿನ ಖರೀದಿಗೆ 400 ರಿಯಾಯಿತಿ, ಡೆಲಿವರಿ ಉಚಿತ’ ಎಂಬ ಆಫರ್ ಇತ್ತು. ಅವರು ಕೊಟ್ಟದ್ದು 3,700. ಈಗ ಬ್ಲೌಸ್ ಮಾತ್ರ ವಾಪಸ್ ಕಳಿಸಿದ್ದಾರೆ.

ಒಂದು ಲೆಕ್ಕದಲ್ಲಿ ರಿಯಾಯಿತಿಯನ್ನು ಎರಡೂ ವಸ್ತುಗಳಿಗೆ ಬೆಲೆಗೆ ತಕ್ಕಂತೆ ಹಂಚುತ್ತಾರೆ. 4,100ರಲ್ಲಿ 900ರ ಪಾಲಿಗೆ 87 ರೂಪಾಯಿ 80 ಪೈಸೆ ಬರುತ್ತದೆ. ಅದನ್ನು ಕಳೆದರೆ ಮರಳುವುದು 812 ರೂಪಾಯಿ 20 ಪೈಸೆ. ಇನ್ನೊಂದು ಲೆಕ್ಕದಲ್ಲಿ, ಉಳಿದ ಸೀರೆಯ ಬೆಲೆ 4,000 ದಾಟುವುದಿಲ್ಲವಾದ್ದರಿಂದ ಆಫರೇ ರದ್ದು. 400ನ್ನೂ ಹಿಡಿದುಕೊಂಡು 500 ಕೊಡುತ್ತಾರೆ. ಎರಡರ ನಡುವೆ 312 ರೂಪಾಯಿ ವ್ಯತ್ಯಾಸ. ಪುಟದಲ್ಲಿ ಏನೂ ಹೇಳದೆ 500 ಹಾಕಿದರೆ ಗಿರಾಕಿ ಕೇಳಿಯೇ ಕೇಳುತ್ತಾರೆ.

ಇಲ್ಲಿ ಮತ್ತೆ ಎರಡು ಪಾಲಿನ ಗೆರೆ ಕೆಲಸಕ್ಕೆ ಬರುತ್ತದೆ. ಬ್ಲೌಸ್ ಅಳತೆ ಅಂಗಡಿಯಿಂದಲೇ ತಪ್ಪಿದ್ದರೆ ಆಫರ್ ರದ್ದು ಮಾಡುವುದು ನ್ಯಾಯವಲ್ಲ. 812 ರೂಪಾಯಿ 20 ಪೈಸೆ ಪೂರ್ತಿ ಕೊಡಬೇಕು. ಗಿರಾಕಿಗೆ ಬೇಡವೆನಿಸಿದ್ದರೆ ಅದರಲ್ಲಿ ವಾಪಸ್ ಕೊರಿಯರ್‌ನ 100 ಕಳೆದು 712 ರೂಪಾಯಿ 20 ಪೈಸೆ. ಎರಡಕ್ಕೂ ಹಂಚುವ ಲೆಕ್ಕವನ್ನೇ ಇಟ್ಟುಕೊಂಡರೆ ವಿವರಿಸುವುದು ಸುಲಭ, ಮೇಲಿನಂಥ ಉದಾಹರಣೆಯನ್ನು ಪುಟದಲ್ಲೇ ಹಾಕಿಬಿಡಬಹುದು. ಹಣದ ಬದಲು ಅಂಗಡಿಯ ಕೂಪನ್ ಕೊಡುವ ಪದ್ಧತಿಯೂ ಎರಡನೇ ಪಾಲಿಗೆ ಮಾತ್ರ ಸಲ್ಲುತ್ತದೆ, ಅದೂ ಕೂಪನ್ ಎಷ್ಟು ತಿಂಗಳು ನಡೆಯುತ್ತದೆಂದು ಮೊದಲೇ ಹೇಳಿದ್ದರೆ. ದೋಷವಿರುವ ಸರಕಿಗೆ ಕೂಪನ್ ಹಿಡಿಸುವುದು ಹಣ ಮರಳಿಸಲು ನಿರಾಕರಿಸಿದಂತೆಯೇ.

‘ಯಾವಾಗ’ ಎಂಬುದನ್ನು ಮೂರು ಹಂತವಾಗಿ ಬರೆಯಬೇಕು. ಪಾರ್ಸೆಲ್ ನಮ್ಮ ಕೈ ಸೇರಿದ 2 ಕೆಲಸದ ದಿನದೊಳಗೆ ನೋಡಿ ತಿಳಿಸುತ್ತೇವೆ. ಒಪ್ಪಿದ ದಿನವೇ ಹಣ ಕಳಿಸುತ್ತೇವೆ. ಬ್ಯಾಂಕಿನಿಂದ ನಿಮ್ಮ ಖಾತೆಗೆ ಬರಲು 5ರಿಂದ 7 ಕೆಲಸದ ದಿನ ಹಿಡಿಯಬಹುದು. ಮೊದಲ ಎರಡು ಅಂಗಡಿಯ ಕೈಯಲ್ಲಿವೆ, ಮೂರನೆಯದು ಇಲ್ಲ. ‘ಹಣ ಬಂದಿಲ್ಲ’ ಎಂಬ ಫೋನ್ ಕರೆಗಳಲ್ಲಿ ಬಹಳಷ್ಟು ಮೂರನೇ ಹಂತದಲ್ಲಿ ಸಿಕ್ಕಿಕೊಂಡವು. ಅದಕ್ಕೇ ಹಣ ಕಳಿಸಿದ ದಿನ ಗೇಟ್‌ವೇ ಕೊಡುವ ಉಲ್ಲೇಖ ಸಂಖ್ಯೆಯನ್ನು ಗಿರಾಕಿಗೆ ಮೆಸೇಜ್ ಮಾಡುತ್ತೇವೆ ಎಂದು ಬರೆದು, ಹಾಗೇ ಮಾಡಬೇಕು. ಕಾರ್ಡ್ ಪಾವತಿಗೆ ಅದು ಎಆರ್‌ಎನ್, ಯುಪಿಐಗೆ ಆರ್‌ಆರ್‌ಎನ್ ಅಥವಾ ಯುಟಿಆರ್. ಆ ಸಂಖ್ಯೆ ಹೇಳಿದರೆ ಅವರ ಬ್ಯಾಂಕೇ ಹುಡುಕಿ ಕೊಡುತ್ತದೆ.

ಕ್ಯಾಶ್ ಆನ್ ಡೆಲಿವರಿಯಲ್ಲಿ ಕೊಂಡವರ ಹಣಕ್ಕೆ ಮರಳಿ ಹೋಗಲು ದಾರಿಯೇ ಇರುವುದಿಲ್ಲ, ಏಕೆಂದರೆ ಅದು ಯಾವ ಖಾತೆಯಿಂದಲೂ ಬಂದದ್ದಲ್ಲ. ಅವರ ಯುಪಿಐ ಐಡಿ ಅಥವಾ ಖಾತೆ ಸಂಖ್ಯೆಯನ್ನು ಕೇಳಬೇಕಾಗುತ್ತದೆ. ವಂಚಕರು ಇಂಥ ಸಂದರ್ಭವನ್ನೇ ಕಾಯುವುದರಿಂದ ‘ನಾವು ಎಂದೂ ಒಟಿಪಿ, ಪಿನ್ ಕೇಳುವುದಿಲ್ಲ, ಹಣ ಪಡೆಯಲು ನೀವು ಪಿನ್ ಒತ್ತಬೇಕಾಗಿಲ್ಲ’ ಎಂಬ ಸಾಲು ಅಲ್ಲೇ ಪಕ್ಕದಲ್ಲಿರಲಿ.

ಯಾರಿಗೆ ಹೇಳುವುದು

ಅಂಗಡಿಯ ಕಾನೂನುಬದ್ಧ ಹೆಸರು, ವಿಳಾಸ, ಫೋನ್, ಇಮೇಲ್, ದೂರು ನೋಡಿಕೊಳ್ಳುವ ಅಧಿಕಾರಿಯ ಹೆಸರು ಮತ್ತು ಹುದ್ದೆ ಪುಟದಲ್ಲಿ ಕಾಣಬೇಕೆಂದು 2020ರ ನಿಯಮಗಳು ಹೇಳುತ್ತವೆ. ಆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಇಬ್ಬರೇ ನಡೆಸುವ ಅಂಗಡಿಯಲ್ಲಿ ಅಧಿಕಾರಿ ಎಂದರೆ ಮಾಲೀಕರೇ ಇರಬಹುದು. ಹೆಸರು ಹಾಕಲು ಹಿಂಜರಿಯಬಾರದು. ವಾಟ್ಸ್ಆ್ಯಪ್ ನಂಬರ್ ಮಾತ್ರ ಕೊಟ್ಟು ಕೈ ತೊಳೆದುಕೊಂಡ ಪುಟ ಈ ನಿಯಮಕ್ಕೆ ಸಾಲದು. ಅಲ್ಲಿಯೂ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವ ದಾರಿ ಗಿರಾಕಿಗೆ ಇದ್ದೇ ಇದೆ.

ಪುಟ ಸ್ಪಷ್ಟವಾಗಿದೆಯೇ ಎಂದು ತಿಳಿಯಲು ವ್ಯಾಪಾರಕ್ಕೆ ಸಂಬಂಧವಿಲ್ಲದ ಒಬ್ಬರ ಕೈಗೆ ಮೊಬೈಲ್ ಕೊಟ್ಟು, ಮೇಲಿನ ಮೈಸೂರಿನ ಗಿರಾಕಿಯ ಕಥೆ ಹೇಳಿ ಕೇಳಿ: ಈ ಬ್ಲೌಸ್ ವಾಪಸ್ ಹೋಗುತ್ತದೆಯೇ, ಯಾವ ದಿನದೊಳಗೆ ತಿಳಿಸಬೇಕು, ಕೊರಿಯರ್ ದುಡ್ಡು ಯಾರದು, ಕೈಗೆ ಎಷ್ಟು ಬರುತ್ತದೆ? ನಾಲ್ಕಕ್ಕೂ ಅವರೇ ಉತ್ತರ ಹುಡುಕಿಕೊಂಡರೆ ಪುಟ ಗೆದ್ದಂತೆ. ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ತಿದ್ದಬೇಕು. ಆಮೇಲೂ ತಿಂಗಳಿಗೊಮ್ಮೆ ಬಂದ ಮೆಸೇಜುಗಳನ್ನು ತಿರುವಿ ಹಾಕಿ, ಮತ್ತೆ ಮತ್ತೆ ಕೇಳಿದ ಪ್ರಶ್ನೆಯ ಉತ್ತರವನ್ನು ಪುಟಕ್ಕೆ ಸೇರಿಸುತ್ತಿರಬೇಕು.

ಹಾಗೆ ಬದಲಿಸಿದಾಗಲೆಲ್ಲ ಪುಟದ ತಲೆಯ ಮೇಲೆ ದಿನಾಂಕ ಬರೆದು, ‘ಈ ದಿನಕ್ಕಿಂತ ಮೊದಲು ಮಾಡಿದ ಆರ್ಡರ್‌ಗಳಿಗೆ ಹಿಂದಿನ ನಿಯಮವೇ ಅನ್ವಯ’ ಎಂದು ಸೇರಿಸಿ, ಹಳೆಯ ಪ್ರತಿಯನ್ನು ಇಟ್ಟುಕೊಳ್ಳಬೇಕು. ದುಡ್ಡು ಕೊಟ್ಟ ದಿನ ಗಿರಾಕಿ ಓದಿದ ಮಾತೇ ಅವರಿಗೆ ಕೊಟ್ಟ ಮಾತು. ಆಮೇಲೆ ಅಂಗಡಿಗೆ ಅನುಕೂಲವಾಗುವಂತೆ ಅದನ್ನು ತಿದ್ದುವಂತಿಲ್ಲ.